ಒಂದು ತೀರ್ಪಿಗೆ ನಾಲ್ಕು ಗುರುತು

ಭದ್ರಾವತಿಯ ಮೈಸೂರು ಪೇಪರ್ ಮಿಲ್ಸ್, ಜನರ ಬಾಯಲ್ಲಿ ಎಂಪಿಎಂ, ಸುಪ್ರೀಂ ಕೋರ್ಟಿನ ಪುಸ್ತಕಗಳಲ್ಲೂ ಇದೆ. ಅದರ ಅಧಿಕಾರಿಗಳ ಸಂಘ ಹೂಡಿದ್ದ ವ್ಯಾಜ್ಯದಲ್ಲಿ, ಆ ಕಂಪನಿ ಸಂವಿಧಾನದ 12ನೇ ವಿಧಿಯ ಅರ್ಥದಲ್ಲಿ ‘ಪ್ರಭುತ್ವ’ವೇ, ಅದರ ವಿರುದ್ಧ ಹೈಕೋರ್ಟಿನಲ್ಲಿ ರಿಟ್ ಅರ್ಜಿ ಹಾಕಬಹುದೇ ಎಂಬ ಪ್ರಶ್ನೆ ಎದ್ದಿತ್ತು. ಹಾಕಬಹುದು ಎಂದು 2002ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಶಂಕರಘಟ್ಟದ ಜ್ಞಾನಸಹ್ಯಾದ್ರಿಯಲ್ಲಿ ರಾಜ್ಯಶಾಸ್ತ್ರ ಓದುವವರಾಗಲಿ, ಶಿವಮೊಗ್ಗದಲ್ಲಿ ಎಲ್‌ಎಲ್‌ಬಿಗೆ ಸೇರಿದವರಾಗಲಿ ಈ ತೀರ್ಪನ್ನು ಹುಡುಕಲು ಹೊರಟರೆ ಮೊದಲು ಕೈಗೆ ಸಿಗುವುದು ಇಂಥ ಒಂದು ಸಾಲು:

```
Mysore Paper Mills Ltd. v. Mysore Paper Mills Officers' Association,
(2002) 2 SCC 167 : AIR 2002 SC 609
```

ಹೊಸಬರಿಗೆ ಇದು ಗುಪ್ತಲಿಪಿಯಂತೆ ಕಾಣುತ್ತದೆ. ಸಂಕ್ಷೇಪಗಳ ಪಟ್ಟಿಯೊಂದನ್ನು ಉರು ಹೊಡೆದರೆ ಕೆಲಸ ಮುಗಿಯಿತು ಎಂದುಕೊಳ್ಳುವವರೇ ಹೆಚ್ಚು. ಪಟ್ಟಿ ಬೇಕು, ಆದರೆ ಅದು ಸಣ್ಣ ಕೆಲಸ. ಎಸ್‌ಸಿಸಿ ಎಂದರೆ ‘ಸುಪ್ರೀಂ ಕೋರ್ಟ್ ಕೇಸಸ್’, ಎಐಆರ್ ಎಂದರೆ ‘ಆಲ್ ಇಂಡಿಯಾ ರಿಪೋರ್ಟರ್’ ಎಂದು ಒಂದು ಮಧ್ಯಾಹ್ನದಲ್ಲಿ ಕಲಿಯಬಹುದು. ಕಷ್ಟ ಇರುವುದು ಬೇರೆ ಕಡೆ. ಸಾಲಿನ ನಡುವೆ ಇರುವ ಆ ಎರಡು ಚುಕ್ಕೆಯ ಎಡಬಲದಲ್ಲಿರುವುದು ನಿಜವಾಗಿಯೂ ಒಂದೇ ತೀರ್ಪೇ? ಅದನ್ನು ಬರೆದವರನ್ನು ನಂಬದೆ ನಾವೇ ಹೇಗೆ ತಿಳಿಯುವುದು? ಸಮಾಂತರ ಉಲ್ಲೇಖ ಅಥವಾ ವಕೀಲರು ಹೇಳುವ ‘ಪ್ಯಾರಲಲ್ ಸೈಟೇಷನ್’ ಕುರಿತ ಪ್ರಶ್ನೆಗಳೆಲ್ಲ ಕೊನೆಗೆ ಇಲ್ಲಿಗೇ ಬಂದು ನಿಲ್ಲುತ್ತವೆ.

ಮೇಲಿನ ಸಾಲನ್ನೇ ಬಿಡಿಸೋಣ. ಎಸ್‌ಸಿಸಿ ಲಖನೌದ ಈಸ್ಟರ್ನ್ ಬುಕ್ ಕಂಪನಿಯ ಪ್ರಕಟಣೆ, 1969ರಲ್ಲಿ ಶುರುವಾದದ್ದು. ವರ್ಷಕ್ಕೆ ಹಲವು ಸಂಪುಟ ಬರುತ್ತವೆ, ಪ್ರತಿ ಸಂಪುಟವೂ ಒಂದನೇ ಪುಟದಿಂದ ಆರಂಭವಾಗುತ್ತದೆ. ಆದ್ದರಿಂದ 2002ನೇ ವರ್ಷ, ಎರಡನೇ ಸಂಪುಟ, 167ನೇ ಪುಟ. ನಡುವಿನ ಆ 2 ಬಿಟ್ಟುಹೋದರೆ ಓದುಗ ಆ ವರ್ಷದ ಅಷ್ಟೂ ಸಂಪುಟಗಳ 167ನೇ ಪುಟ ತಿರುವಬೇಕಾಗುತ್ತದೆ. ಎಐಆರ್ ನಾಗಪುರದ್ದು, 1914ರಷ್ಟು ಹಳೆಯದು. ಅದರ ರೀತಿ ಬೇರೆ. ಇಡೀ ವರ್ಷದ ಸುಪ್ರೀಂ ಕೋರ್ಟ್ ತೀರ್ಪುಗಳಿಗೆ ಅಲ್ಲಿ ಒಂದೇ ಪುಟಸರಣಿ. ಹಾಗಾಗಿ ಸಂಪುಟದ ಅಂಕಿ ಬೇಕಿಲ್ಲ, ಬದಲಿಗೆ ಯಾವ ನ್ಯಾಯಾಲಯದ ವಿಭಾಗ ಎಂದು ಹೇಳಲೇಬೇಕು. ‘SC’ ಎಂಬ ಎರಡು ಅಕ್ಷರ ಮಾಡುತ್ತಿರುವ ಕೆಲಸ ಅದು. ಅದನ್ನು ಬಿಟ್ಟು ‘AIR 2002 609’ ಎಂದು ಬರೆದರೆ ಯಾವ ರಾಜ್ಯದ ಹೈಕೋರ್ಟೋ ದೇವರೇ ಬಲ್ಲ.

ಆವರಣ ಚಿಹ್ನೆಯ ಬಗ್ಗೆ ಒಂದು ಮಾತು. ಇಂಗ್ಲೆಂಡಿನ ಪಠ್ಯಪುಸ್ತಕ ಓದಿದವರು, ಚೌಕ ಆವರಣದಲ್ಲಿ ವರ್ಷ ಇದ್ದರೆ ಪುಸ್ತಕ ಹುಡುಕಲು ಅದು ಅನಿವಾರ್ಯ, ದುಂಡು ಆವರಣದಲ್ಲಿದ್ದರೆ ಸಂಪುಟದ ಅಂಕಿಯೊಂದೇ ಸಾಕು ಎಂದು ಕಲಿತಿರುತ್ತಾರೆ. ಅದು ಅಲ್ಲಿಯ ಶಿಸ್ತು. ನಮ್ಮ ಎಸ್‌ಸಿಸಿ ದುಂಡು ಆವರಣ ಬಳಸಿಯೂ ವರ್ಷವಿಲ್ಲದೆ ಸಿಗುವುದಿಲ್ಲ. ಆ ನಿಯಮವನ್ನು ಇಲ್ಲಿಗೆ ಹೊತ್ತು ತರುವುದು ಬೇಡ.

ಇನ್ನು ವರ್ಷ. ಸಾಲಿನಲ್ಲಿರುವ ವರ್ಷ ಪುಸ್ತಕದ ವರ್ಷ, ತೀರ್ಪಿನದ್ದಲ್ಲ. ಎಷ್ಟೋ ಸಲ ಎರಡೂ ಒಂದೇ ಆಗಿರುವುದರಿಂದ ಈ ಭೇದ ಕಣ್ಣಿಗೆ ಬೀಳುವುದಿಲ್ಲ. ಖಾಸಗಿ ಕಾಲೇಜುಗಳ ಹಕ್ಕಿನ ಬಗ್ಗೆ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಕೊಟ್ಟ ಟಿ.ಎಂ.ಎ. ಪೈ ಪ್ರತಿಷ್ಠಾನದ ತೀರ್ಪು ಹೊರಬಂದದ್ದು 2002ರ ಅಕ್ಟೋಬರ್ 31ರಂದು. ಎಸ್‌ಸಿಸಿ ಅದನ್ನು ಆ ವರ್ಷದ ಎಂಟನೇ ಸಂಪುಟದಲ್ಲೇ ಹಾಕಿತು; ಎಐಆರ್‌ನಲ್ಲಿ ಅದು ಮುಂದಿನ ವರ್ಷದ ಪುಸ್ತಕಕ್ಕೆ ಬಂತು.

```
T.M.A. Pai Foundation v. State of Karnataka,
(2002) 8 SCC 481 : AIR 2003 SC 355
```

ಒಂದು ಕಡೆ 2002, ಇನ್ನೊಂದು ಕಡೆ 2003. ಇವೆರಡೂ ಬೇರೆ ಬೇರೆ ತೀರ್ಪು ಎಂದು ಅಡಿಟಿಪ್ಪಣಿಯಲ್ಲಿ ಎರಡು ಸಲ ಎಣಿಸಿಕೊಂಡ ಪ್ರಬಂಧಗಳನ್ನು ನೋಡಿದ್ದೇನೆ. ತದ್ವಿರುದ್ಧದ ತಪ್ಪೂ ಆಗುತ್ತದೆ. ಇದೇ ಕಕ್ಷಿದಾರರ ಹೆಸರಿನಲ್ಲಿ ಅದಕ್ಕೂ ಮೊದಲು ಹೊರಬಂದ ಆದೇಶಗಳು ಎಸ್‌ಸಿಸಿಯಲ್ಲೇ ಇವೆ, ಹೆಸರು ಒಂದೇ ಎಂದು ಅವನ್ನೂ ಈ ಸಾಲಿಗೆ ಜೋಡಿಸಿಬಿಡುತ್ತಾರೆ. ಹೆಸರು ನೋಡಿ ಒಂದುಗೂಡಿಸುವಂತಿಲ್ಲ, ವರ್ಷ ನೋಡಿ ಬೇರ್ಪಡಿಸುವಂತಿಲ್ಲ. ನಂಬಬಹುದಾದದ್ದು ತೀರ್ಪಿನ ದಿನಾಂಕ, ಪ್ರಕರಣದ ಸಂಖ್ಯೆ ಮತ್ತು ಪೀಠ. ಪ್ರತಿ ವರದಿಯ ತಲೆಯಲ್ಲಿ, ಕಕ್ಷಿದಾರರ ಹೆಸರಿನ ಕೆಳಗೆ ಈ ಮೂರೂ ಅಚ್ಚಾಗಿರುತ್ತವೆ. ಮೂರೂ ತಾಳೆಯಾದರೆ ಮಾತ್ರ ಸಮಾಂತರ.

ಇದೇ ದಿನಾಂಕದ ಜಾಡು ಹಿಡಿದು ಸುಳ್ಳು ಉಲ್ಲೇಖವನ್ನೂ ಹಿಡಿಯಬಹುದು. ಮೀಸಲಾತಿಯ ಪಾಠದಲ್ಲಿ ತಪ್ಪದೆ ಬರುವ ಎಂ.ಆರ್. ಬಾಲಾಜಿ ಪ್ರಕರಣ ಮೈಸೂರು ರಾಜ್ಯದ್ದು, ತೀರ್ಪಾದದ್ದು 1962ರ ಸೆಪ್ಟೆಂಬರ್ 28ರಂದು. ಅದರ ಗುರುತು ಹೀಗೆ:

```
M.R. Balaji v. State of Mysore, AIR 1963 SC 649 : 1963 Supp (1) SCR 439
```

ಇದಕ್ಕೆ ಯಾರಾದರೂ ಮುದ್ರಿತ ಎಸ್‌ಸಿಸಿಯ ಸಂಪುಟ, ಪುಟ ಕೊಟ್ಟರೆ ಪುಸ್ತಕ ತೆರೆಯುವ ಮೊದಲೇ ಅನುಮಾನ ಪಡಬೇಕು. 1962ರಲ್ಲಿ ಆ ಪತ್ರಿಕೆ ಹುಟ್ಟಿರಲಿಲ್ಲ. ಅಲ್ಲಿರುವ ಎಸ್‌ಸಿಆರ್ ಎಂಬುದು ‘ಸುಪ್ರೀಂ ಕೋರ್ಟ್ ರಿಪೋರ್ಟ್ಸ್’, ನ್ಯಾಯಾಲಯದ್ದೇ ಅಧಿಕೃತ ವರದಿ, 1950ರಿಂದ ಬರುತ್ತಿದೆ. ‘Supp’ ಎಂದರೆ ಪುರವಣಿ ಸಂಪುಟ. ಟೈಪು ಮಾಡುವವರು ಅದನ್ನು ಅಲಂಕಾರವೆಂದು ಭಾವಿಸಿ ಬಿಟ್ಟುಬಿಡುತ್ತಾರೆ. ಬಿಟ್ಟರೆ ಓದುಗ 1963ರ ಸಾಮಾನ್ಯ ಸಂಪುಟದ 439ನೇ ಪುಟಕ್ಕೆ ಹೋಗಿ ಸಂಬಂಧವೇ ಇಲ್ಲದ ಇನ್ನೊಂದು ವ್ಯಾಜ್ಯದ ನಡುವೆ ನಿಂತಿರುತ್ತಾನೆ.

ಈಗ ನ್ಯಾಯಾಲಯದ ವಿಷಯ. ನಮ್ಮ ರಾಜ್ಯದ ಅತಿ ಹೆಸರಾದ ಪ್ರಕರಣವೇ ಇಲ್ಲಿ ದೊಡ್ಡ ಪಾಠ. 1989ರ ಏಪ್ರಿಲ್ 21ರಂದು ಎಸ್.ಆರ್. ಬೊಮ್ಮಾಯಿ ಸರ್ಕಾರ ವಜಾ ಆಗಿ ಕರ್ನಾಟಕದಲ್ಲಿ ರಾಷ್ಟ್ರಪತಿ ಆಳ್ವಿಕೆ ಬಂತು. ಬೊಮ್ಮಾಯಿ ಕರ್ನಾಟಕ ಹೈಕೋರ್ಟಿಗೆ ಹೋದರು, ಅರ್ಜಿ ವಜಾ ಆಯಿತು. ಅಲ್ಲಿಂದ ಸುಪ್ರೀಂ ಕೋರ್ಟಿಗೆ. ಒಂಬತ್ತು ನ್ಯಾಯಮೂರ್ತಿಗಳ ಪೀಠ 1994ರ ಮಾರ್ಚ್ 11ರಂದು ತೀರ್ಪು ಕೊಟ್ಟಿತು, ಕರ್ನಾಟಕದ ಘೋಷಣೆ ಸಂವಿಧಾನಬಾಹಿರ ಎಂಬುದು ಬಹುಮತದ ಅಭಿಪ್ರಾಯವಾಯಿತು. ವಿದ್ಯಾರ್ಥಿಗಳ ಟಿಪ್ಪಣಿಗಳಲ್ಲಿ ಈ ಸಾಲು ಹೀಗೂ ಕಾಣುತ್ತದೆ:

```
S.R. Bommai v. Union of India, (1994) 3 SCC 1 : AIR 1994 SC 1918 :
[1994] 2 SCR 644 : AIR 1990 Kar 5
```

ಮೊದಲ ಮೂರು ಸರಿ. ಎಸ್‌ಸಿಸಿ, ಎಐಆರ್, ಎಸ್‌ಸಿಆರ್ ಮೂರೂ ಅದೇ ಮಾರ್ಚ್ 11ರ ತೀರ್ಪನ್ನು ಅಚ್ಚು ಹಾಕಿವೆ, ಮೂರರಲ್ಲಿ ಯಾವುದನ್ನು ತೆರೆದರೂ ಅದೇ ನ್ಯಾಯಮೂರ್ತಿಗಳ ಅವೇ ಮಾತುಗಳು. ನಾಲ್ಕನೆಯದು ಹೈಕೋರ್ಟಿನದು. ಕಕ್ಷಿದಾರರು ಅವರೇ, ವಿವಾದವೂ ಅದೇ, ಆದರೆ ಬಂದ ಉತ್ತರ ಬೊಮ್ಮಾಯಿಯವರ ವಿರುದ್ಧ. ಅದನ್ನು ಸಮಾಂತರ ಉಲ್ಲೇಖವಾಗಿ ಬರೆದವರು ಸುಪ್ರೀಂ ಕೋರ್ಟ್ ಒಪ್ಪದೇ ಹೋದ ತೀರ್ಪನ್ನೇ ತಮ್ಮ ಆಧಾರವೆಂದು ಮುಂದಿಟ್ಟಂತಾಗುತ್ತದೆ. ಎದುರು ವಕೀಲರು ಆ ಪುಟ ತೆರೆದು ಓದಿದರೆ ಆಮೇಲೆ ಹೇಳಿಕೊಳ್ಳಲು ಏನೂ ಉಳಿಯುವುದಿಲ್ಲ. ಕೆಳ ನ್ಯಾಯಾಲಯದ ತೀರ್ಪನ್ನೂ ತೋರಿಸಬೇಕಿದ್ದರೆ ‘ಮೇಲ್ಮನವಿಯಲ್ಲಿ ತಿರಸ್ಕೃತ’ ಎಂದು ಹೇಳಿ ಬೇರೆ ವಾಕ್ಯದಲ್ಲಿ ಬರೆಯಬೇಕು. ಅದು ಪ್ರಕರಣದ ಹಿಂದಿನ ಹಾದಿ, ಸಮಾಂತರ ಗುರುತಲ್ಲ.

ಆ ‘Kar’ ಎಂಬುದನ್ನು ಇನ್ನಷ್ಟು ನೋಡಬೇಕು. ಎಐಆರ್‌ನ ಕರ್ನಾಟಕ ವಿಭಾಗವನ್ನು ಕೆಲವರು ‘Kar’ ಎಂದೂ ಕೆಲವರು ‘Kant’ ಎಂದೂ ಬರೆಯುತ್ತಾರೆ. ಪುಸ್ತಕ ಒಂದೇ, ಗಾಬರಿ ಬೇಡ. ರಾಜ್ಯ ಕರ್ನಾಟಕವೆಂದು ಹೆಸರು ಪಡೆದದ್ದು 1973ರ ನವೆಂಬರ್ 1ರಂದು. ಅದಕ್ಕೆ ಹಿಂದಿನ ನಮ್ಮ ಹೈಕೋರ್ಟ್ ತೀರ್ಪುಗಳೆಲ್ಲ ‘Mys’ ಎಂಬ ಗುರುತಿನಡಿ ಇವೆ. ಹಾಗಾದರೆ 1940ರ ಒಂದು ‘ILR Kar’ ಸಿಕ್ಕರೆ? ಐಎಲ್‌ಆರ್ ಎಂದರೆ ‘ಇಂಡಿಯನ್ ಲಾ ರಿಪೋರ್ಟ್ಸ್’, 1876ರಿಂದ ಹೈಕೋರ್ಟುಗಳಿಗೆ ಸರ್ಕಾರ ಹೊರಡಿಸುತ್ತ ಬಂದ ಅಧಿಕೃತ ಮಾಲೆ. ಸ್ವಾತಂತ್ರ್ಯಕ್ಕೆ ಮುಂಚೆ ಅದರಲ್ಲಿ ಕರಾಚಿ ಮಾಲೆಯೂ ಇತ್ತು, ಅದರ ಸಂಕ್ಷೇಪವೂ ‘Kar’. ಸಿಂಧ್ ಪ್ರಾಂತ್ಯದ ಯಾವುದೋ ಜಮೀನಿನ ತೀರ್ಪನ್ನು ನಮ್ಮ ಹೈಕೋರ್ಟಿನದೆಂದು ಬರೆದುಕೊಂಡರೆ ನಗೆಪಾಟಲು. ಕಂಡುಹಿಡಿಯುವುದು ಸುಲಭ: 1973ಕ್ಕೆ ಮೊದಲಿನ ‘Kar’ ಕರ್ನಾಟಕವಾಗಿರಲು ಸಾಧ್ಯವಿಲ್ಲ.

‘KLJ’ ಕೂಡ ಹಾಗೆಯೇ. ಬೆಂಗಳೂರಿನ ವಕೀಲರಿಗೆ ಅದು ‘ಕರ್ನಾಟಕ ಲಾ ಜರ್ನಲ್’, ಹಿಂದಿನ ‘ಮೈಸೂರು ಲಾ ಜರ್ನಲ್’ನ ಮುಂದುವರಿಕೆ. ಎರ್ನಾಕುಳಂನಲ್ಲಿ ಕೇಳಿದರೆ ‘ಕೇರಳ ಲಾ ಜರ್ನಲ್’. ಹಾಗಾಗಿಯೇ ನಮ್ಮಲ್ಲಿ ಎಚ್ಚರಿಕೆಯುಳ್ಳವರು ‘Kar LJ’ ಎಂದು ಬಿಡಿಸಿ ಬರೆಯುತ್ತಾರೆ. ಕಾಸರಗೋಡಿನ ಕನ್ನಡಿಗರ ಜಮೀನು ವ್ಯಾಜ್ಯದ ಕಡತದಲ್ಲಿ ಎರಡೂ ಬರಬಹುದಾದ್ದರಿಂದ ಅಲ್ಲಿ ಇದು ಬರೀ ತಮಾಷೆಯ ಮಾತಲ್ಲ.

ಒಟ್ಟಿನಲ್ಲಿ ಹೈಕೋರ್ಟಿನ ಸಂಕ್ಷೇಪ ಎಂದರೆ ಆ ನೆಲ ಆಗ ಯಾರ ಆಳ್ವಿಕೆಯಲ್ಲಿತ್ತು ಎಂಬುದರ ದಾಖಲೆ. ಶಿವಮೊಗ್ಗ, ಭದ್ರಾವತಿ ಹಳೆಯ ಮೈಸೂರು ಸಂಸ್ಥಾನದವು, ಇಲ್ಲಿಯ ಹಳೆಯ ತೀರ್ಪು ಮೈಸೂರಿನ ವರದಿಗಳಲ್ಲೇ ಹುಡುಕಬೇಕು. ಸಾಗರ ದಾಟಿ ಸಿದ್ದಾಪುರಕ್ಕೆ ಕಾಲಿಟ್ಟರೆ ಲೆಕ್ಕ ಬದಲಾಗುತ್ತದೆ: 1956ಕ್ಕೆ ಮೊದಲು ಉತ್ತರ ಕನ್ನಡ, ಧಾರವಾಡ, ಬೆಳಗಾವಿ ಮುಂಬಯಿಗೆ ಸೇರಿದ್ದವು, ಅಲ್ಲಿನ ಅಡಿಕೆ ತೋಟದ ಹಳೆಯ ವ್ಯಾಜ್ಯ ಹೈಕೋರ್ಟಿಗೆ ಹೋಗಿದ್ದರೆ ‘ILR Bom’ ಅಥವಾ ‘AIR Bom’. ಮಂಗಳೂರು, ಉಡುಪಿ, ಕಾಸರಗೋಡು ಮದ್ರಾಸಿನವು, ಅಳಿಯಸಂತಾನದ ಹಳೆಯ ತೀರ್ಪುಗಳು ‘ILR Mad’ನಲ್ಲಿವೆ. ಕಲಬುರಗಿ, ರಾಯಚೂರಿಗೆ ‘Hyd’. ಕರ್ನಾಟಕದ ಕಾನೂನಿನ ಚರಿತ್ರೆ ಬರೆಯಹೊರಟು ‘Mys’ ಮತ್ತು ‘Kar’ ಮಾತ್ರ ಹುಡುಕುವವರಿಗೆ ಅರ್ಧ ರಾಜ್ಯ ಸಿಗುವುದೇ ಇಲ್ಲ.

ಹೀಗೆ ಒಂದೇ ತೀರ್ಪು ಹಲವು ಪುಸ್ತಕಗಳಲ್ಲಿ ಯಾಕೆ ಅಚ್ಚಾಗಬೇಕು ಎಂದು ಕೇಳುವುದು ಸಹಜ. ಅಧಿಕೃತ ವರದಿ ತಡವಾಗಿ ಬರುತ್ತಿತ್ತು, ವಕೀಲರಿಗೆ ಮುಂದಿನ ವಾರದ ವಿಚಾರಣೆಗೆ ಬೇಕಿತ್ತು. ಖಾಸಗಿ ಪ್ರಕಾಶಕರು ಆ ಸಂದಿಗೆ ಬಂದರು. 1875ರ ಇಂಡಿಯನ್ ಲಾ ರಿಪೋರ್ಟ್ಸ್ ಕಾಯ್ದೆ, ಸರ್ಕಾರದ ಅಧಿಕಾರದಡಿ ಪ್ರಕಟವಾಗದ ಹೈಕೋರ್ಟ್ ವರದಿಯನ್ನು ಕೇಳಿಸಿಕೊಳ್ಳಲು ನ್ಯಾಯಾಲಯಗಳು ಬದ್ಧವಲ್ಲ ಎಂದಿತ್ತು. ಆ ಕಾಯ್ದೆಯಡಿ ಹೊರಟ ಪುಸ್ತಕಕ್ಕಿಂತ ಎಐಆರೇ ಎಲ್ಲ ಕೋರ್ಟುಗಳಲ್ಲೂ ಹೆಚ್ಚು ಓಡಾಡಿತು ಎಂಬುದು ಬೇರೆ ಮಾತು. ಜಿಲ್ಲಾ ಕೇಂದ್ರದ ಒಂದು ವಕೀಲರ ಕಚೇರಿಯಲ್ಲಿ ಎಐಆರ್ ಮಾತ್ರ, ಇನ್ನೊಂದರಲ್ಲಿ ಎಸ್‌ಸಿಸಿ ಮಾತ್ರ ಇರುತ್ತಿದ್ದ ಕಾಲದಲ್ಲಿ ಎರಡೂ ಗುರುತು ಕೊಡುವುದು ಓದುವವರಿಗೆ ಮಾಡುವ ಉಪಕಾರವಾಗಿತ್ತು. ಇವತ್ತಿಗೆ ನನ್ನ ಅಭಿಪ್ರಾಯ: ಅಧಿಕೃತವಾದ ಒಂದು, ನೀವು ನಿಜವಾಗಿ ಓದಿದ ಒಂದು, ಇಷ್ಟು ಸಾಕು. ಐದಾರು ಗುರುತು ಪೋಣಿಸಿದ ಸಾಲು ಪಾಂಡಿತ್ಯದಂತೆ ಕಂಡರೂ ಬಹುಮಟ್ಟಿಗೆ ಬೇರೆಯವರ ಅಡಿಟಿಪ್ಪಣಿಯಿಂದ ಎತ್ತಿಕೊಂಡದ್ದು.

ಓದಿದ್ದನ್ನೇ ಬರೆಯಿರಿ ಎನ್ನಲು ಗಟ್ಟಿ ಕಾರಣವೊಂದಿದೆ. ತೀರ್ಪಿನ ಆರಂಭದ ಪುಟ ಮಾತ್ರ ಹೇಳುವವರೆಗೆ ಸಮಾಂತರ ಗುರುತುಗಳು ಸರಾಗ. ಒಂದು ನಿರ್ದಿಷ್ಟ ಮಾತನ್ನು ತೋರಿಸಬೇಕಾದಾಗ, ಅಂದರೆ ‘ಪ್ಯಾರಾ ಇಷ್ಟು’ ಎಂದು ಬರೆಯುವಾಗ, ಅವು ಬೇರೆಬೇರೆಯಾಗುತ್ತವೆ. ಹಳೆಯ ತೀರ್ಪುಗಳಲ್ಲಿ ಅನೇಕಕ್ಕೆ ನ್ಯಾಯಮೂರ್ತಿಗಳು ಪ್ಯಾರಾ ಸಂಖ್ಯೆ ಹಾಕಿರಲಿಲ್ಲ, ಹಾಕಿದವರು ಸಂಪಾದಕರು, ಒಬ್ಬೊಬ್ಬರು ಒಂದೊಂದು ಕಡೆ ಒಡೆದರು. ಈ ವಿಂಗಡಣೆ ಮತ್ತು ಅಂಕಿ ಹಾಕುವುದು ಪ್ರಕಾಶಕರ ಸ್ವಂತ ದುಡಿಮೆ, ಅದಕ್ಕೆ ಹಕ್ಕುಸ್ವಾಮ್ಯದ ರಕ್ಷಣೆಯಿದೆ ಎಂದು ಸುಪ್ರೀಂ ಕೋರ್ಟೇ 2007ರ ಡಿಸೆಂಬರ್‌ನಲ್ಲಿ ಹೇಳಿತು. ಎಸ್‌ಸಿಸಿಯ ಒಡೆಯರೇ ವಾದಿಗಳಾಗಿದ್ದ ಆ ಪ್ರಕರಣ ಸಿಗುವುದು `(2008) 1 SCC 1`ರಲ್ಲಿ, ಸಂಪುಟದ ಮೊಟ್ಟಮೊದಲ ಪುಟದಲ್ಲಿ! ತೀರ್ಪಿನ ಮೂಲಪಾಠ ಮಾತ್ರ ಎಲ್ಲರ ಸ್ವತ್ತು.

ಬೊಮ್ಮಾಯಿ ತೀರ್ಪಿಗೆ ಇದನ್ನು ಅನ್ವಯಿಸಿ ನೋಡಿ. ಅಲ್ಲಿ ಒಂದಲ್ಲ, ಆರು ಪ್ರತ್ಯೇಕ ಅಭಿಪ್ರಾಯಗಳಿವೆ. ಎಸ್‌ಸಿಸಿ ಆರಕ್ಕೂ ಸೇರಿಸಿ ಒಂದೇ ಅಂಕಿಸಾಲು ಓಡಿಸಿದೆ. ನ್ಯಾಯಮೂರ್ತಿ ಜೀವನ್ ರೆಡ್ಡಿಯವರ ನಿರ್ಣಯಗಳು ಅಲ್ಲಿ 434ನೇ ಪ್ಯಾರಾದಲ್ಲಿವೆ. ಅದೇ 434ನ್ನು ಎಐಆರ್‌ನ ಮುಂದೆ ಬರೆದು ಅದೇ ಮಾತು ಸಿಗುತ್ತದೆಂದು ನಂಬಬಾರದು. ಮೂಲ ಲೇಖಕರು ಎಸ್‌ಸಿಸಿ ನೋಡಿ ಬರೆದ ಪ್ಯಾರಾ ಸಂಖ್ಯೆಯನ್ನು ಇನ್ನೊಬ್ಬರು ಎಐಆರ್ ಗುರುತಿಗೆ ಅಂಟಿಸುವುದು, ಮೂರನೆಯವರು ಅದನ್ನು ನಕಲು ಮಾಡುವುದು, ಹೀಗೆ ತಪ್ಪು ಅಡಿಟಿಪ್ಪಣಿಗಳು ತಲೆಮಾರು ದಾಟುತ್ತವೆ. ಗುರುತಿಸುವುದು ಹೇಗೆಂದರೆ, ಆ ಪ್ಯಾರಾ ತೆರೆದಾಗ ಬೇರೆ ನ್ಯಾಯಮೂರ್ತಿಯ ಮಾತು ನಡೆಯುತ್ತಿರುತ್ತದೆ. ಆದ್ದರಿಂದ ಹಲವು ಅಭಿಪ್ರಾಯಗಳ ತೀರ್ಪಿನಲ್ಲಿ ಪ್ಯಾರಾ ಜೊತೆ ನ್ಯಾಯಮೂರ್ತಿಯ ಹೆಸರನ್ನೂ ಬರೆಯುವುದು ಒಳ್ಳೆಯದು. ಅಂಕಿ ಹಾರಿದರೂ ಓದುಗ ಹತ್ತಿರಕ್ಕಾದರೂ ಬರುತ್ತಾನೆ. ಮುದ್ರಿತ ಪುಟದ ಅಂಚಿನಲ್ಲಿ ಮೇಲಿನಿಂದ ಕೆಳಗೆ ಒಂದೊಂದು ಅಕ್ಷರ ಅಚ್ಚಾಗಿರುವುದನ್ನು ಗಮನಿಸಿ. ಎಸ್‌ಸಿಆರ್‌ನಲ್ಲಿ `A`ಯಿಂದ `H`, ಎಸ್‌ಸಿಸಿಯಲ್ಲಿ ಸಣ್ಣಕ್ಷರದ `a`ಯಿಂದ `h`. ಪ್ಯಾರಾ ಸಂಖ್ಯೆಯೇ ಇಲ್ಲದ ಹಳೆಯ ಎಸ್‌ಸಿಆರ್ ಪುಟದಲ್ಲಿ ಒಂದು ವಾಕ್ಯ ತೋರಿಸಲು ‘ಪುಟ ಇಂಥದು, C-D’ ಎಂದು ಬರೆಯುವುದು ಅದಕ್ಕಾಗಿ.

ಈ ಗೊಂದಲಕ್ಕೆಲ್ಲ ನ್ಯಾಯಾಲಯಗಳೇ ಒಂದು ದಾರಿ ಮಾಡಿವೆ. 2023ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಯಾವ ಪ್ರಕಾಶಕರಿಗೂ ಸೇರದ ತಟಸ್ಥ ಉಲ್ಲೇಖ, ಅಂದರೆ ‘ನ್ಯೂಟ್ರಲ್ ಸೈಟೇಷನ್’ ಕೊಡಲು ಆರಂಭಿಸಿತು: ವರ್ಷ, `INSC` ಎಂಬ ನಾಲ್ಕಕ್ಷರ, ಒಂದು ಕ್ರಮಸಂಖ್ಯೆ. ಹಳೆಯ ತೀರ್ಪುಗಳಿಗೂ ಅಂಥ ಸಂಖ್ಯೆ ಸಿಕ್ಕಿದೆ. ನಮ್ಮ ಹೈಕೋರ್ಟಿನ ಆದೇಶಗಳ ಮೇಲ್ತುದಿಯಲ್ಲೂ ಈಗ ಇಂಥದೊಂದು ಸಾಲು ಇರುತ್ತದೆ. ಅದರ ಮಾದರಿ ಮೂರು ಬಗೆ, ಖಾಲಿ ಬಿಟ್ಟ ಜಾಗದಲ್ಲಿ ಕ್ರಮಸಂಖ್ಯೆ ಬರುತ್ತದೆ:

```
NC: 2024:KHC:____
NC: 2024:KHC-D:____
NC: 2024:KHC-K:____
```

ಮೊದಲನೆಯದು ಬೆಂಗಳೂರಿನ ಪ್ರಧಾನ ಪೀಠ, ‘D’ ಧಾರವಾಡ, ‘K’ ಕಲಬುರಗಿ. ವಿಭಾಗೀಯ ಪೀಠದ ತೀರ್ಪಾದರೆ ಕೊನೆಯಲ್ಲಿ ‘-DB’ ಸೇರುತ್ತದೆ. ಶಿವಮೊಗ್ಗ ಜಿಲ್ಲೆ ಬೆಂಗಳೂರು ಪೀಠದ ವ್ಯಾಪ್ತಿಗೆ ಸೇರಿದ್ದರಿಂದ ಭದ್ರಾವತಿಯ ವ್ಯಾಜ್ಯಕ್ಕೆ ಅಕ್ಷರವಿಲ್ಲದ `KHC`. ಪಕ್ಕದ ಹಾವೇರಿಯದೋ ಸಿದ್ದಾಪುರದ್ದೋ ಆಗಿದ್ದರೆ ‘D’ ಇರುತ್ತದೆ. ಮುಂಬಯಿಯ ಹಳೆಯ ಗಡಿ ಹೀಗೆ ಇನ್ನೊಂದು ರೂಪದಲ್ಲಿ ಸಂಕ್ಷೇಪದೊಳಕ್ಕೆ ವಾಪಸು ಬಂದಿದೆ.

ಆದರೆ ತಟಸ್ಥ ಸಂಖ್ಯೆಯನ್ನು ಪುಟವೆಂದು ಓದಬಾರದು. ಅದು ಆ ವರ್ಷದ ಎಷ್ಟನೆಯ ತೀರ್ಪು ಎಂದಷ್ಟೇ ಹೇಳುತ್ತದೆ. ಆನ್‌ಲೈನ್ ಸಂಗ್ರಹಗಳ ಸ್ವಂತ ಸಂಖ್ಯೆಗಳೂ, ಉದಾಹರಣೆಗೆ ‘SCC OnLine Kar’ ಮುಂದೆ ಬರುವ ಅಂಕಿ, ಇದೇ ಜಾತಿಯವು. ಗ್ರಂಥಾಲಯದ ಕಪಾಟಿನಲ್ಲಿ ಆ ಹೆಸರಿನ ಪುಸ್ತಕ ಹುಡುಕಿ ಪ್ರಯೋಜನವಿಲ್ಲ. ತಟಸ್ಥ ಉಲ್ಲೇಖದ ನಿಜವಾದ ಲಾಭ ಇನ್ನೊಂದು: ಈಗಿನ ತೀರ್ಪುಗಳಿಗೆ ನ್ಯಾಯಾಲಯವೇ ಪ್ಯಾರಾ ಸಂಖ್ಯೆ ಹಾಕುತ್ತದೆ, ಹಾಗಾಗಿ ತಟಸ್ಥ ಗುರುತಿನ ಜೊತೆ ಬರೆದ ಪ್ಯಾರಾ ನ್ಯಾಯಾಲಯದ ಪ್ರತಿಯಲ್ಲಿ ಅಲ್ಲೇ ಸಿಗುತ್ತದೆ.

ಚಂದಾ ಕಟ್ಟಿದ ಡೇಟಾಬೇಸ್ ಇಲ್ಲದೆಯೂ ಶಂಕರಘಟ್ಟದಲ್ಲಿ ಕುಳಿತು ಒಂದು ಸಾಲನ್ನು ಪರೀಕ್ಷಿಸಬಹುದು. ಸುಪ್ರೀಂ ಕೋರ್ಟ್ ತೀರ್ಪಾದರೆ `digiscr.sci.gov.in`ನಲ್ಲಿ ಅಧಿಕೃತ ವರದಿಯೇ ಉಚಿತವಾಗಿ ಸಿಗುತ್ತದೆ, ಹೈಕೋರ್ಟಿನದಾದರೆ `judgments.ecourts.gov.in`. ಎಂಪಿಎಂ ಪ್ರಕರಣವನ್ನು ಕಂಪನಿಯ ಹೆಸರಿನಿಂದ ಹುಡುಕಿ, 2002ರ ಜನವರಿಯದನ್ನು ಆರಿಸಿಕೊಂಡು ದಿನಾಂಕ, ಮೇಲ್ಮನವಿ ಸಂಖ್ಯೆ, ಪೀಠ ಈ ಮೂರನ್ನೂ ಬರೆದುಕೊಳ್ಳಿ. ಆಮೇಲೆ ನಿಮ್ಮ ಕೈಗೆ ಸಿಕ್ಕ ಎಸ್‌ಸಿಸಿ ಅಥವಾ ಎಐಆರ್ ಸಂಪುಟದಲ್ಲಿ ಹೇಳಿದ ಪುಟ ತೆಗೆದು ಅವನ್ನು ತಾಳೆ ನೋಡಿ, ಬಳಿಕ ಹೆಡ್‌ನೋಟ್ ದಾಟಿ ಮುಂದೆ ಹೋಗಿ ತೀರ್ಪನ್ನೇ ಓದಿ. ಹೆಡ್‌ನೋಟ್ ಸಂಪಾದಕರದು, ಅದರ ಮಾತನ್ನು ಎತ್ತಿ ನ್ಯಾಯಾಲಯ ಹೀಗೆಂದಿತು ಎಂದು ಬರೆಯುವ ಹಾಗಿಲ್ಲ. ಹೆಸರಿನಿಂದ ಹುಡುಕುವಾಗ ಒಂದು ತೊಡಕು ಮಾತ್ರ ಇದೆ: 1973ರ ಹಿಂದಿನ ತೀರ್ಪುಗಳಲ್ಲಿ ಎದುರುದಾರರು ‘State of Mysore’ ಆಗಿರುತ್ತಾರೆ. ‘State of Karnataka’ ಎಂದು ಟೈಪಿಸಿದರೆ ಬಾಲಾಜಿಯವರ ಪ್ರಕರಣ ಬರುವುದಿಲ್ಲ.